ಬೆಂಕಿ ಇದ್ದದ್ದು ಬಚ್ಚಲಲ್ಲಿ, ಪೆಟ್ರೋಲ್ ಇದ್ದದ್ದು ಹೊರಗೆ: ಕ್ಯಾನ್‌ನೊಳಗಿನ ಡಿಗ್ರಿ ಲೆಕ್ಕ

ಬಸ್ಸಲ್ಲಿ ಕೂತು ಕೇಳ್ತಾ ಇದ್ದೀರೋ, ತೋಟದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರೋ ಗೊತ್ತಿಲ್ಲ. ತೋಟದಲ್ಲಿ ಇದ್ದರೆ ಇವತ್ತಿನ ವಿಷಯ ನಿಮಗೆ ಇನ್ನೂ ಹತ್ತಿರದ್ದು.

ಹೋದ ವರ್ಷ ಫೆಬ್ರವರಿಯಲ್ಲಿ ನಡೆದ ಒಂದು ಘಟನೆಯಿಂದ ಶುರು ಮಾಡ್ತೇನೆ. ಬೆಳ್ತಂಗಡಿ ಕಡೆ ನನ್ನ ಸೋದರಮಾವನ ಅಡಿಕೆ ತೋಟ ಉಂಟು. ಆ ದಿನ ಕಳೆ ಕೊಚ್ಚಲಿಕ್ಕೆ ಇಬ್ಬರು ಕೆಲಸದವರು ಬಂದಿದ್ರು. ಅವರದ್ದು ಪೆಟ್ರೋಲ್ ಮೆಷಿನ್, ಹೆಗಲಿಗೆ ಹಾಕ್ಕೊಂಡು ಹುಲ್ಲು ಕತ್ತರಿಸ್ತಾರಲ್ಲ, ಅದು. ಪೆಟ್ರೋಲ್ ತಂದದ್ದು ಐದು ಲೀಟರಿನ ಖಾಲಿ ತೆಂಗಿನೆಣ್ಣೆ ಕ್ಯಾನಿನಲ್ಲಿ. ಆ ಕ್ಯಾನ್ ಇಟ್ಟದ್ದು ಬಚ್ಚಲಕೊಟ್ಟಿಗೆಯ ಹೊರಗಿನ ಜಗಲಿಯಲ್ಲಿ, ಯಾಕಂದ್ರೆ ಅಲ್ಲಿ ನೆರಳುಂಟು. ಅದರ ಪಕ್ಕದಲ್ಲೇ ಮಾವನ ಹಳೇ ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನ್ ಕೂಡ ಇತ್ತು, ದೊಡ್ಡದು, 35 ಲೀಟರಿನದ್ದು, ಅರ್ಧ ತುಂಬಿತ್ತು.

ಸಂಜೆ ಐದು ಗಂಟೆ. ಅತ್ತೆ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒಂದೆರಡು ಮಡಲಿನ ತುಂಡು ಹಾಕಿ ಹಂಡೆಗೆ ಬೆಂಕಿ ಮಾಡಿದ್ರು. ಹೊರಗೆ ಕೆಲಸದವ ಮೆಷಿನ್‌ನ ಟ್ಯಾಂಕಿಗೆ ಪೆಟ್ರೋಲ್ ಹೊಯ್ತಾ ಇದ್ದ. ಫನೆಲ್ ಇರಲಿಲ್ಲ, ಸ್ವಲ್ಪ ನೆಲಕ್ಕೆ ಚೆಲ್ಲಿತು. ಅವನಿಗೂ ಒಲೆಗೂ ಹತ್ತು ಹನ್ನೆರಡು ಅಡಿ ದೂರ, ಮಧ್ಯೆ ಒಂದು ಗೋಡೆ, ಗೋಡೆಯಲ್ಲಿ ಬಾಗಿಲು. ಅಷ್ಟರಲ್ಲಿ "ಬುಸ್" ಅಂತ ಒಂದು ಶಬ್ದ. ಬೆಂಕಿ ಬಚ್ಚಲ ಬಾಗಿಲಿನಿಂದ ಹೊರಗೆ ನೆಲದಲ್ಲೇ ಓಡಿ ಬಂತು. ನಾನು ಅಂಗಳದಲ್ಲಿ ನಿಂತು ನೋಡಿದ್ದೇನೆ. ಓಡಿದ್ದು ಕಣ್ಣಿಗೆ ಕಂಡಿತು, ಆದರೆ ತಡೀಲಿಕ್ಕೆ ಸಮಯ ಇರಲಿಲ್ಲ.

ಪುಣ್ಯಕ್ಕೆ ಚೆಲ್ಲಿದ್ದು ಕಡಿಮೆ. ಆ ಹುಡುಗ ಮೆಷಿನ್ ಬಿಟ್ಟು ಹಾರಿದ, ಕಾಲಿನ ರೋಮ ಸುಟ್ಟು ಚರ್ಮ ಕೆಂಪಾಯಿತು. ಮಾವ ಒದ್ದೆ ಗೋಣಿ ತಂದು ಹಾಕಿದ್ರು. ಪೆಟ್ರೋಲ್ ಕ್ಯಾನ್‌ನ ಬಾಯಲ್ಲಿ ಸಣ್ಣ ಜ್ವಾಲೆ ಹತ್ತಿತ್ತು, ಅದಕ್ಕೂ ಗೋಣಿ ಮುಚ್ಚಿದ್ರು. ಒಂದು ನಿಮಿಷದೊಳಗೆ ಎಲ್ಲ ಮುಗೀತು. ಡೀಸೆಲ್ ಕ್ಯಾನ್ ಮಾತ್ರ ಅಲ್ಲೇ ಇತ್ತು. ಅದರ ಒಂದು ಬದಿ ಮಸಿ ಹಿಡಿದಿತ್ತು. ಬಾಯಿಗೆ ಮುಚ್ಚಳ ಕೂಡ ಇರಲಿಲ್ಲ, ಒಂದು ಬಟ್ಟೆ ತುರುಕಿ ಇಟ್ಟಿದ್ರು. ಆದರೂ ಅದು ಹತ್ತಲಿಲ್ಲ.

ರಾತ್ರಿ ಊಟ ಮಾಡ್ತಾ ಮಾವ ಕೇಳಿದ್ರು, "ಅಲ್ಲ ಮಾರಾಯ, ಬೆಂಕಿ ಇದ್ದದ್ದು ಒಳಗೆ, ಪೆಟ್ರೋಲ್ ಇದ್ದದ್ದು ಹೊರಗೆ. ಅದು ಇಲ್ಲಿಗೆ ಬಂದದ್ದು ಹೇಗೆ? ಬಂದದ್ದು ಬಂತು, ಪಕ್ಕದ ಡೀಸೆಲ್ ಯಾಕೆ ಬಿಟ್ಟಿತು?"

ನಾನು ಬಿಕಾಂ ಮಾಡಿದವ. ಡೆಬಿಟ್ ಕ್ರೆಡಿಟ್ ಕೇಳಿದ್ರೆ ಹೇಳ್ತಿದ್ದೆ. "ಗೊತ್ತಿಲ್ಲ ಮಾವ, ನೋಡಿ ಹೇಳ್ತೇನೆ" ಅಂದೆ. ನೋಡ್ತಾ ಹೋದ ಹಾಗೆ ಮಾವನ ಎರಡೂ ಪ್ರಶ್ನೆಗೆ ಉತ್ತರ ಒಂದೇ ಸಂಖ್ಯೆಯಲ್ಲಿ ಸಿಕ್ಕಿತು. ಆ ಸಂಖ್ಯೆಯ ಹೆಸರು ಫ್ಲ್ಯಾಶ್ ಪಾಯಿಂಟ್.

ದ್ರವ ಉರಿಯುವುದಿಲ್ಲ, ಆವಿ ಉರಿಯುತ್ತದೆ

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಪೆಟ್ರೋಲ್ ಆಗಲಿ, ಡೀಸೆಲ್ ಆಗಲಿ, ಸೀಮೆಎಣ್ಣೆ ಆಗಲಿ, ದ್ರವವಾಗಿ ಇರುವಾಗ ಉರಿಯುವುದಿಲ್ಲ. ಅದರಿಂದ ಮೇಲೆ ಏಳುವ ಆವಿ ಗಾಳಿಯ ಜೊತೆ ಸೇರಿದ ಮೇಲೆ, ಆ ಮಿಶ್ರಣ ಉರಿಯುತ್ತದೆ. ಅದೂ ಹದ ಸರಿ ಇದ್ದರೆ ಮಾತ್ರ. ಆವಿ ತುಂಬ ಕಡಿಮೆ ಇದ್ದರೆ ಹತ್ತುವುದಿಲ್ಲ. ತುಂಬ ಜಾಸ್ತಿಯಾದರೂ ಹತ್ತುವುದಿಲ್ಲ, ಯಾಕಂದ್ರೆ ಆಗ ಗಾಳಿ ಸಾಕಾಗುವುದಿಲ್ಲ. ಪೆಟ್ರೋಲಿಗೆ ಈ ಹದ ಸುಮಾರು ಶೇಕಡಾ ಒಂದೂವರೆಯಿಂದ ಏಳೂವರೆಯ ತನಕ. ಅಂದ್ರೆ ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಪೆಟ್ರೋಲ್ ಆವಿ ಬಂದರೆ ಸಾಕು, ಕಿಡಿಗೆ ಕಾಯ್ತಾ ಇರುತ್ತದೆ.

ಈಗ ಪ್ರಶ್ನೆ: ಅಷ್ಟು ಆವಿ ಏಳಬೇಕಾದರೆ ಎಣ್ಣೆ ಎಷ್ಟು ಬಿಸಿ ಇರಬೇಕು? ಆ ಡಿಗ್ರಿಯೇ ಫ್ಲ್ಯಾಶ್ ಪಾಯಿಂಟ್. ಎಣ್ಣೆಯ ಮೇಲೆ ಒಂದು ಸಣ್ಣ ಜ್ವಾಲೆ ಹಿಡಿದರೆ ಕ್ಷಣಮಾತ್ರಕ್ಕೆ ಮಿಂಚಿದ ಹಾಗೆ ಹತ್ತಿ ಆರುವಷ್ಟು ಆವಿ ಯಾವ ಉಷ್ಣತೆಯಲ್ಲಿ ಸಿಗುತ್ತದೋ, ಅದು.

ಅದನ್ನು ಅಳೆಯುವ ಒಂದು ಪಾತ್ರೆ ಉಂಟು, ಹೆಸರು ಏಬೆಲ್ ಉಪಕರಣ. ಫ್ರೆಡರಿಕ್ ಏಬೆಲ್ ಅಂತ ಇಂಗ್ಲೆಂಡಿನ ಒಬ್ಬ ರಸಾಯನ ವಿಜ್ಞಾನಿ ಮಾಡಿದ್ದು. ಆ ಕಾಲದಲ್ಲಿ ಮನೆಮನೆಯಲ್ಲಿ ಸೀಮೆಎಣ್ಣೆ ದೀಪ. ಹಗುರ ಎಣ್ಣೆ ಬೆರೆಸಿ ಮಾರಿದ ದೀಪದೆಣ್ಣೆಯಿಂದ ದೀಪ ಸಿಡಿಯುತ್ತಿತ್ತು, ಜನ ಸಾಯ್ತಿದ್ರು. ಯಾವ ಎಣ್ಣೆ ಮನೆಯಲ್ಲಿ ಇಡಬಹುದು, ಯಾವುದು ಇಡಬಾರದು ಅಂತ ಒಂದು ಗೆರೆ ಬೇಕಾಯಿತು. 1879ರಲ್ಲಿ ಅಲ್ಲಿನ ಕಾನೂನು ಏಬೆಲ್‌ನ ಪಾತ್ರೆಯನ್ನೇ ಒಪ್ಪಿಕೊಂಡಿತು.

ಪರೀಕ್ಷೆ ಬಹಳ ಸರಳ. ಮುಚ್ಚಳ ಇರುವ ಸಣ್ಣ ಹಿತ್ತಾಳೆ ಲೋಟದಲ್ಲಿ ಗುರುತಿನ ತನಕ ಎಣ್ಣೆ ಹಾಕ್ತಾರೆ. ಸುತ್ತ ನೀರು, ಅದನ್ನು ನಿಧಾನಕ್ಕೆ ಬಿಸಿ ಮಾಡ್ತಾರೆ. ಒಳಗೆ ಥರ್ಮಾಮೀಟರ್. ಮುಚ್ಚಳದಲ್ಲಿ ಜಾರುವ ಒಂದು ಕಿಂಡಿ. ಅರ್ಧ ಡಿಗ್ರಿ ಏರಿದ ಹಾಗೆಲ್ಲ ಕಿಂಡಿ ತೆರೆದು ಕಾಳಿನಷ್ಟು ಜ್ವಾಲೆಯನ್ನು ಒಳಗೆ ಅದ್ದಿ ತೆಗೀತಾರೆ. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ. ಒಂದು ಸಲ ಮಾತ್ರ ಒಳಗೆ ತೆಳು ನೀಲಿ ಮಿಂಚು ಕಾಣುತ್ತದೆ. ಆಗ ಥರ್ಮಾಮೀಟರ್ ಎಷ್ಟು ತೋರಿಸುತ್ತದೋ ಅದನ್ನು ಬರೆದುಕೊಳ್ತಾರೆ. ಅಷ್ಟೇ.

ನಮ್ಮೂರಿನ ಬಿಸಿಲು ಎಲ್ಲಿ ಕೂತಿದೆ?

ಈಗ ಸಂಖ್ಯೆಗಳನ್ನು ನೋಡುವ. ಹೆಚ್ಚಿಲ್ಲ, ಎರಡೇ ಎರಡು.

ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು ಮೈನಸ್ 40 ಡಿಗ್ರಿ. ಸೊನ್ನೆಗಿಂತ ನಲ್ವತ್ತು ಕೆಳಗೆ. ಸೀಮೆಎಣ್ಣೆ ಮತ್ತು ಡೀಸೆಲ್‌ಗೆ ನಮ್ಮ ಭಾರತೀಯ ಮಾನಕ ಹೇಳುವುದು ಕನಿಷ್ಠ 35 ಡಿಗ್ರಿ ಇರಲೇಬೇಕು ಅಂತ. ಡೀಸೆಲ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ.

ಇನ್ನು ನಮ್ಮ ಹವಾಮಾನ. ಮೂಡುಬಿದಿರೆಯಲ್ಲಿ ಡಿಸೆಂಬರ್ ಬೆಳಗ್ಗೆ ಚಳಿ ಅಂತ ಶಾಲು ಹೊದ್ದುಕೊಳ್ತೇವಲ್ಲ, ಆಗ ಇಪ್ಪತ್ತರ ಆಸುಪಾಸು. ಬಂಟ್ವಾಳದಲ್ಲಿ ಏಪ್ರಿಲ್ ಮಧ್ಯಾಹ್ನ ಮೂವತ್ತೈದು, ಮೂವತ್ತಾರು, ಕೆಲವು ದಿನ ಅದಕ್ಕೂ ಮೇಲೆ. ಅಂದ್ರೆ ವರ್ಷದ ಹೆಚ್ಚಿನ ಸಮಯ ನಾವು ಇರುವುದು ಇಪ್ಪತ್ತು ಮತ್ತು ಮೂವತ್ತೈದರ ನಡುವೆ.

ಈಗ ಇದನ್ನು ಆ ಎರಡು ಸಂಖ್ಯೆಯ ಪಕ್ಕ ಇಡಿ. ಪೆಟ್ರೋಲಿನ ಗೆರೆಯನ್ನು ನಮ್ಮೂರು ಯಾವತ್ತೋ ದಾಟಿ ಅರವತ್ತು ಎಪ್ಪತ್ತು ಡಿಗ್ರಿ ಮೇಲೆ ಬಂದಾಗಿದೆ. ನಮ್ಮಲ್ಲಿ ಮಾತ್ರ ಅಲ್ಲ, ಹಿಮಾಲಯದ ಹಿಮದಲ್ಲಿ ಇಟ್ಟರೂ ಪೆಟ್ರೋಲ್ ಹತ್ತಲಿಕ್ಕೆ ಸಿದ್ಧ. ಅದಕ್ಕೆ ಬಿಸಿ ಮಾಡುವವರು ಬೇಡ, ಕಿಡಿ ಒಂದು ಸಾಕು. ಡೀಸೆಲ್, ಸೀಮೆಎಣ್ಣೆ ಹಾಗಲ್ಲ. ನೆರಳಿನಲ್ಲಿ ಇಟ್ಟ ಡೀಸೆಲ್ ಹೆಚ್ಚಿನ ದಿನ ತನ್ನ ಗೆರೆಯ ಕೆಳಗೆ ಇರುತ್ತದೆ. ಮೇಲೆ ಆವಿ ಇರುತ್ತದೆ, ವಾಸನೆ ಬರುತ್ತದೆ, ಆದರೆ ಹತ್ತುವಷ್ಟು ಇರುವುದಿಲ್ಲ.

ಹಿರಿಯರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಯಕ್ಷಗಾನದ ಬಯಲಾಟಕ್ಕೆ ಗ್ಯಾಸ್‌ಲೈಟ್ ಉರಿಸುತ್ತಿದ್ದ ಕಾಲ ನೆನಪು ಮಾಡಿಕೊಳ್ಳಿ, ಅಥವಾ ಅಜ್ಜನ ಹತ್ರ ಕೇಳಿ. ಪೆಟ್ರೋಮ್ಯಾಕ್ಸ್. ಅದರ ಹೊಟ್ಟೆಯಲ್ಲಿ ಸೀಮೆಎಣ್ಣೆ. ಆದರೆ ಮೊದಲು ಸೀಮೆಎಣ್ಣೆಗೆ ಬೆಂಕಿ ಕೊಡುವುದಿಲ್ಲ. ಒಂದು ಸಣ್ಣ ಬಟ್ಟಲಿಗೆ ಸ್ಪಿರಿಟ್ ಹಾಕಿ ಅದನ್ನು ಹೊತ್ತಿಸಬೇಕು. ಸ್ಪಿರಿಟ್ ತಕ್ಷಣ ಹತ್ತುತ್ತದೆ. ಆ ಶಾಖಕ್ಕೆ ಮೇಲಿನ ಕೊಳವೆ ಕಾಯಬೇಕು. ಆಮೇಲೆ ಪಂಪ್ ಹೊಡೆದರೆ ಸೀಮೆಎಣ್ಣೆ ಆ ಬಿಸಿ ಕೊಳವೆಯಲ್ಲಿ ಆವಿಯಾಗಿ ಮ್ಯಾಂಟಲ್‌ಗೆ ಬಂದು ಬೆಳಗುತ್ತದೆ. ಅವಸರ ಮಾಡಿ ಕೊಳವೆ ಕಾಯುವ ಮೊದಲೇ ಪಂಪ್ ಹೊಡೆದರೆ ಹಸಿ ಎಣ್ಣೆ ಬಂದು ಮಸಿ, ಹೊಗೆ, ಭುಗ್ ಅಂತ ಜ್ವಾಲೆ. ಇಡೀ ದೀಪ ನಿಂತಿರುವುದೇ ಈ ನಂಬಿಕೆಯ ಮೇಲೆ: ಹೊಟ್ಟೆಯಲ್ಲಿ ಇರುವ ಎಣ್ಣೆ ತಣ್ಣಗಿರುವ ತನಕ ಆವಿಯಾಗಿ ಹತ್ತುವುದಿಲ್ಲ. ಅದೇ ಹೊಟ್ಟೆಗೆ ಪೆಟ್ರೋಲ್ ಹಾಕಿದರೆ ಅದು ದೀಪ ಅಲ್ಲ, ಬಾಂಬ್.

ಚಿಮಣಿ ದೀಪ, ಬತ್ತಿ ಸ್ಟವ್ ಕೂಡ ಹಾಗೆಯೇ. ಬತ್ತಿಯ ತುದಿಯಲ್ಲಿ ಒಂದು ಹನಿಯಷ್ಟೇ ಎಣ್ಣೆ ಬಿಸಿಯಾಗಿ ಉರಿಯುತ್ತದೆ, ಕೆಳಗಿನ ಎಣ್ಣೆ ಸುಮ್ಮನೆ ಇರುತ್ತದೆ.

ಆವಿ ನಡೆಯುತ್ತದೆ

ಸರಿ, ಮಾವನ ಮೊದಲ ಪ್ರಶ್ನೆಗೆ ಬರುವ. ಬೆಂಕಿ ಹೊರಗೆ ಬಂದದ್ದು ಹೇಗೆ?

ನಿಜ ಹೇಳಬೇಕಂದ್ರೆ ಬೆಂಕಿ ಹೊರಗೆ ಬಂದದ್ದು ಆಮೇಲೆ. ಅದಕ್ಕಿಂತ ಮೊದಲು ಪೆಟ್ರೋಲ್ ಒಳಗೆ ಹೋಗಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದಲ್ಲಿ ಹರಿಯುತ್ತದೆ. ತಗ್ಗು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮ ಬಚ್ಚಲು ಯಾವಾಗಲೂ ಜಗಲಿಗಿಂತ ಒಂದು ಮೆಟ್ಟಿಲು ತಗ್ಗು, ನೀರು ಹರಿದುಹೋಗಬೇಕಲ್ಲ. ಒಲೆ ಇರುವುದೂ ನೆಲಕ್ಕೆ. ಜೊತೆಗೆ ಉರಿಯುವ ಒಲೆ ಗಾಳಿಯನ್ನು ತನ್ನ ಕಡೆ ಎಳೆಯುತ್ತದೆ. ಅಂದ್ರೆ ಜಗಲಿಯಲ್ಲಿ ಚೆಲ್ಲಿದ ಪೆಟ್ರೋಲಿನ ಆವಿಗೆ ಒಲೆಯ ಬಾಯಿ ತನಕ ದಾರಿ ಮಾಡಿ ಕೊಟ್ಟಂತೆಯೇ. ಆವಿ ಒಲೆ ಮುಟ್ಟಿತು, ಹತ್ತಿತು, ಬಂದ ದಾರಿಯಲ್ಲೇ ಜ್ವಾಲೆ ವಾಪಸ್ ಓಡಿ ಬಂತು. ನಾವು ನೋಡಿದ್ದು ಆ ವಾಪಸ್ ಓಟವನ್ನು.

ಎಷ್ಟು ಆವಿ ಬೇಕು ಅಂತ ಒಂದು ಲೆಕ್ಕ ಹಾಕುವ, ಲೆಕ್ಕ ನನ್ನ ವಿಷಯ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 200 ಲೀಟರ್ ಆವಿ. ಆ 200 ಲೀಟರ್ ಆವಿ ಸುಮಾರು 14,000 ಲೀಟರ್ ಗಾಳಿಯನ್ನು ಹತ್ತುವ ಹದಕ್ಕೆ ತರಬಲ್ಲದು. 14,000 ಲೀಟರ್ ಅಂದ್ರೆ ಎಂಟು ಅಡಿ ಉದ್ದ, ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಒಂದು ಕೋಣೆ. ಒಂದು ಲೀಟರ್, ಒಂದು ಕೋಣೆ. ನಮ್ಮಲ್ಲಿ ಚೆಲ್ಲಿದ್ದು ಒಂದು ಲೋಟ ಕೂಡ ಇರಲಿಕ್ಕಿಲ್ಲ. ಆದರೆ ಆವಿ ಕೋಣೆ ಪೂರ್ತಿ ಹರಡುವುದಿಲ್ಲ, ನೆಲದ ಮೇಲಿನ ಗೇಣು ಎತ್ತರದಲ್ಲೇ ಇರುತ್ತದೆ. ಅಷ್ಟಕ್ಕೆ ಒಂದು ಲೋಟ ಸಾಕು. ನಿಂತವರ ಮೂಗಿಗೆ ವಾಸನೆ ಕಡಿಮೆ ಬರುತ್ತದೆ, ಕಾಲಬುಡದಲ್ಲಿ ಹದ ತುಂಬಿರುತ್ತದೆ.

ಬಂಟ್ವಾಳ ತಾಲೂಕಿನವರಿಗೆ ಭಾರದ ಆವಿ ನಡೆಯುವುದು ಏನು ಅಂತ ಬೇರೆ ರೀತಿಯಲ್ಲಿ ಗೊತ್ತುಂಟು. 2013ರ ಏಪ್ರಿಲ್ 9, ಪೆರ್ನೆ. ಹೆದ್ದಾರಿಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಅನಿಲ ಸೋರಿತು, ಬೆಂಕಿ ರಸ್ತೆ ಬದಿಯ ಮನೆಗಳನ್ನೂ ಸುತ್ತಿಕೊಂಡಿತು, ಹಲವರು ತೀರಿಕೊಂಡರು. ಅದು ಪೆಟ್ರೋಲ್ ಅಲ್ಲ, ಅದರ ಫ್ಲ್ಯಾಶ್ ಪಾಯಿಂಟ್ ಪೆಟ್ರೋಲಿಗಿಂತಲೂ ಬಹಳ ಕೆಳಗೆ. ಪ್ರಮಾಣವೂ ಹೋಲಿಸುವಂಥದ್ದಲ್ಲ. ಆದರೆ ಗುಣ ಒಂದೇ: ಸೋರಿದ ಜಾಗದಲ್ಲಿ ಬೆಂಕಿ ಇಲ್ಲ ಅಂತ ಧೈರ್ಯ ಮಾಡುವ ಹಾಗಿಲ್ಲ, ಆವಿ ಬೆಂಕಿ ಇರುವಲ್ಲಿಗೆ ತಾನೇ ಹೋಗುತ್ತದೆ.

ಅರ್ಧ ಖಾಲಿಯಾದ ಕ್ಯಾನ್

ಇಲ್ಲಿ ಒಂದು ವಿಚಿತ್ರ ಉಂಟು. ಪೆಟ್ರೋಲ್ ಕ್ಯಾನ್‌ನ ಬಾಯಲ್ಲಿ ಜ್ವಾಲೆ ಹತ್ತಿತ್ತು ಅಂದೆ. ಹಾಗಾದ್ರೆ ಕ್ಯಾನ್ ಯಾಕೆ ಸಿಡಿಯಲಿಲ್ಲ?

ನೆನಪಿದೆಯಾ, ಆವಿ ತುಂಬ ಜಾಸ್ತಿಯಾದರೂ ಹತ್ತುವುದಿಲ್ಲ ಅಂತ ಹೇಳಿದ್ದು. ನಮ್ಮ ಬಿಸಿಲಿಗೆ ಮುಚ್ಚಿದ ಪೆಟ್ರೋಲ್ ಕ್ಯಾನ್‌ನೊಳಗೆ ಆವಿಯೇ ತುಂಬಿ ಗಾಳಿಗೆ ಜಾಗ ಸಾಲುವುದಿಲ್ಲ. ಒಳಗಿನ ಮಿಶ್ರಣ ಏಳೂವರೆ ಶೇಕಡಾದ ಗೆರೆಯನ್ನು ಬಹಳ ಮೇಲೆ ದಾಟಿರುತ್ತದೆ. ಹಾಗಾಗಿ ಬಾಯಿಯ ಹತ್ತಿರ, ಗಾಳಿ ಸಿಗುವಲ್ಲಿ ಮಾತ್ರ ಉರಿಯುತ್ತದೆ. ಆದರೆ ಪೆಟ್ರೋಲ್ ಎಲ್ಲ ಹೊಯ್ದು ಮುಗಿಸಿ, ಬಾಯಿ ತೆರೆದು ಮೂಲೆಗೆ ಬಿಸಾಡಿದ ಕ್ಯಾನ್ ಇದೆಯಲ್ಲ, ಅದರ ಕಥೆ ಬೇರೆ. ತಳದಲ್ಲಿ ನಾಲ್ಕು ಹನಿ, ಒಳಗೆ ಗಾಳಿ ಬಂದಿದೆ. ನಿಧಾನಕ್ಕೆ ಒಳಗಿನ ಮಿಶ್ರಣ ಜಾಸ್ತಿಯಿಂದ ಹದಕ್ಕೆ ಇಳಿಯುತ್ತದೆ. ಖಾಲಿ ಅಂತ ನಾವು ಅಂದುಕೊಂಡದ್ದೇ ಸಿಡಿಯುವಂಥದ್ದು. ಹಳೇ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಲಿಕ್ಕೆ ಅನುಭವ ಇರುವ ವೆಲ್ಡರ್ ಯಾಕೆ ಒಪ್ಪುವುದಿಲ್ಲ ಅಂತ ಈಗ ಗೊತ್ತಾಯ್ತಲ್ಲ.

30 ಲೀಟರ್ ಮತ್ತು 2,500 ಲೀಟರ್

ಇನ್ನು ನನಗೆ ಬಹಳ ಇಷ್ಟವಾದ ಭಾಗ, ಕಾನೂನು. ನಮ್ಮ ದೇಶದಲ್ಲಿ ಪೆಟ್ರೋಲಿಯಂ ಕಾಯ್ದೆ ಅಂತ ಉಂಟು, 1934ರದ್ದು. ಅದು ಎಣ್ಣೆಯನ್ನು ಹೆಸರಿನಿಂದ ವಿಂಗಡಿಸುವುದಿಲ್ಲ, ಫ್ಲ್ಯಾಶ್ ಪಾಯಿಂಟಿನಿಂದ ವಿಂಗಡಿಸುತ್ತದೆ. 23 ಡಿಗ್ರಿಗಿಂತ ಕೆಳಗೆ ಇದ್ದರೆ ಎ ವರ್ಗ. ಪೆಟ್ರೋಲ್ ಅಲ್ಲಿ. 23ರಿಂದ 65ರ ಒಳಗೆ ಇದ್ದರೆ ಬಿ ವರ್ಗ. ಸೀಮೆಎಣ್ಣೆ, ಡೀಸೆಲ್ ಅಲ್ಲಿ.

ಈಗ ಲೈಸೆನ್ಸ್ ಇಲ್ಲದೆ ಎಷ್ಟು ಇಟ್ಟುಕೊಳ್ಳಬಹುದು? ಬಿ ವರ್ಗ ಆದರೆ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ತನಕ, ಒಂದೊಂದು ಪಾತ್ರೆ 1,000 ಲೀಟರ್ ಮೀರಬಾರದು. ಎ ವರ್ಗ, ಅಂದ್ರೆ ಪೆಟ್ರೋಲ್ ಆದರೆ? ಮಾರಲಿಕ್ಕೆ ಅಲ್ಲದೆ ಸ್ವಂತ ಬಳಕೆಗೆ 30 ಲೀಟರ್ ತನಕ. 2,500 ಎಲ್ಲಿ, 30 ಎಲ್ಲಿ! ಎಂಬತ್ತು ಪಟ್ಟಿಗೂ ಹೆಚ್ಚು ಅಂತರ. ಎರಡೂ ಒಂದೇ ಬಂಕಿನಲ್ಲಿ ಅಕ್ಕಪಕ್ಕದ ಪೈಪಿನಿಂದ ಬರುತ್ತವೆ, ರೇಟಿನಲ್ಲಿ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಅಷ್ಟೇ ಅಂತ ನಾವು ಅಂದುಕೊಳ್ತೇವೆ. ಕಾನೂನಿನ ಕಣ್ಣಿಗೆ ಅವು ಎಂಬತ್ತು ಪಟ್ಟು ದೂರದಲ್ಲಿವೆ.

ಆ 30 ಲೀಟರನ್ನೂ ಹೇಗೆ ಬೇಕಾದರೂ ಇಡುವ ಹಾಗಿಲ್ಲ. ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆ ಅಂತ ಕಾಯ್ದೆ ಹೇಳುತ್ತದೆ. ಗಾಜು, ಪಿಂಗಾಣಿ ಆದರೆ ಒಂದು ಲೀಟರ್ ತನಕ, ಲೋಹ ಆದರೆ 25 ಲೀಟರ್ ತನಕ. ಆ ಪಟ್ಟಿಯಲ್ಲಿ ತೆಂಗಿನೆಣ್ಣೆಯ ಪ್ಲಾಸ್ಟಿಕ್ ಕ್ಯಾನ್ ಇಲ್ಲ. ನೀರಿನ ಬಾಟಲಿ ಕೂಡ ಇಲ್ಲ. ತೆಳು ಪ್ಲಾಸ್ಟಿಕ್ ಪೆಟ್ರೋಲಿಗೆ ಮೆತ್ತಗಾಗುತ್ತದೆ, ಮುಚ್ಚಳ ಸಡಿಲವಾಗುತ್ತದೆ, ಬಿಸಿಲಿಗೆ ಉಬ್ಬುತ್ತದೆ, ಮತ್ತೆ ಆವಿಗೆ ದಾರಿ ಸಿಗುತ್ತದೆ.

ಆದರೆ ಡೀಸೆಲ್ ಸಾಧು ಅಲ್ಲ

ಇಷ್ಟು ಕೇಳಿ "ಹಾಗಾದ್ರೆ ಡೀಸೆಲ್ ಇದ್ದಲ್ಲಿ ಬೀಡಿ ಸೇದಬಹುದು" ಅಂತ ಯಾರಾದರೂ ಹೊರಟರೆ ನನ್ನ ಹೊಣೆಯಲ್ಲ. ಮೂರು ಕಡೆ ಈ ಲೆಕ್ಕ ಕೈಕೊಡುತ್ತದೆ.

ಒಂದು, ಬಿಸಿಲು. ಯುರೋಪಿನಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ 55 ಡಿಗ್ರಿಗಿಂತ ಮೇಲೆ ಇರಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆ ಅಂಕಿಯೇ ಸಿಗುತ್ತದೆ. ನಮ್ಮ ಕನಿಷ್ಠ ಮಿತಿ 35. ಏಪ್ರಿಲ್ ತಿಂಗಳು, ತಗಡಿನ ಶೀಟ್ ಹಾಕಿದ ಶೆಡ್, ಕರಿ ಕ್ಯಾನ್, ಮಧ್ಯಾಹ್ನ ಮೂರು ಗಂಟೆ. ಒಳಗಿನ ಡೀಸೆಲ್ ನಲ್ವತ್ತು ದಾಟುವುದು ಕಷ್ಟವಲ್ಲ. ಆ ಹೊತ್ತಿಗೆ ಅದು ತನ್ನ ಗೆರೆಯನ್ನು ದಾಟಿರಬಹುದು. ಹಾಗಾಗಿ ಡೀಸೆಲ್ ಸುರಕ್ಷಿತ ಅನ್ನುವ ಮಾತಿನ ಜೊತೆ "ನೆರಳಲ್ಲಿ ಇಟ್ಟರೆ" ಅಂತ ಸೇರಿಸಿಯೇ ಹೇಳಬೇಕು.

ಎರಡು, ರೂಪ. ಬಟ್ಟೆಗೆ, ಗೋಣಿಗೆ, ಮರದ ಪುಡಿಗೆ ಇಳಿದ ಡೀಸೆಲ್ ಬತ್ತಿಯ ಹಾಗೆ ಹತ್ತುತ್ತದೆ. ಪೈಪಿನಲ್ಲಿ ಸಣ್ಣ ತೂತಾಗಿ ಮಂಜಿನ ಹಾಗೆ ಸಿಂಪಡಿಸಿದರೂ ಹತ್ತುತ್ತದೆ. ಒಲೆ ಹೊತ್ತುವುದಿಲ್ಲ ಅಂತ ಕೆಂಡದ ಮೇಲೆ ಸೀಮೆಎಣ್ಣೆ ಎರಚುತ್ತಾರಲ್ಲ, ಅಲ್ಲಿಯೂ ಇದೇ. ಕೆಂಡ ಅದನ್ನು ಕ್ಷಣದಲ್ಲಿ ಆವಿ ಮಾಡುತ್ತದೆ, ಆಮೇಲೆ ಕೈ ಮುಖ ಸುಡುತ್ತದೆ. ಮಾವನ ಡೀಸೆಲ್ ಕ್ಯಾನ್‌ನ ಬಾಯಲ್ಲಿ ಬಟ್ಟೆ ತುರುಕಿತ್ತು ಅಂದೆ. ಅದು ಡೀಸೆಲ್ ಹೀರಿದ್ದರೆ ಅದೇ ಬತ್ತಿ ಆಗ್ತಿತ್ತು. ಬೆಂಕಿ ಮತ್ತೆ ಐದು ನಿಮಿಷ ನಿಂತಿದ್ದರೆ ಡೀಸೆಲ್ ಕೂಡ ಕಾದು ಹತ್ತುತ್ತಿತ್ತು. ಫ್ಲ್ಯಾಶ್ ಪಾಯಿಂಟ್ ನಮಗೆ ಕೊಟ್ಟದ್ದು ಸಮಯ, ಅಭಯ ಅಲ್ಲ.

ಮೂರನೆಯದು ಬೆರಕೆ, ಮತ್ತು ಅದು ನಮ್ಮ ಊರಿನದ್ದೇ ಕಥೆ.

ಮಂಗಳೂರಿನಿಂದ ಹಾಸನ ದಾಟಿ ಬೆಂಗಳೂರಿನ ಹತ್ತಿರದ ದೇವನಗೊಂದಿ ತನಕ ನೆಲದಡಿಯಲ್ಲಿ ಒಂದು ಪೈಪ್‌ಲೈನ್ ಹೋಗುತ್ತದೆ, ಪೆಟ್ರೋನೆಟ್ ಎಂಎಚ್‌ಬಿ ಅವರದ್ದು. ಬಂಟ್ವಾಳ, ಬೆಳ್ತಂಗಡಿ ತಾಲೂಕಿನ ತೋಟ ಗುಡ್ಡಗಳ ಕೆಳಗೇ ಹಾದುಹೋಗುತ್ತದೆ. ಇದಕ್ಕೆ ಕನ್ನ ಹಾಕಿದ ಸುದ್ದಿ ನೀವು ಓದಿರಬಹುದು: 2021ರಲ್ಲಿ ಬಂಟ್ವಾಳ ತಾಲೂಕಿನ ಅರಳದಲ್ಲಿ, 2024ರಲ್ಲಿ ಬೆಳ್ತಂಗಡಿ ತಾಲೂಕಿನ ಪುದುವೆಟ್ಟಿನಲ್ಲಿ. ಎರಡೂ ಸಲ ಸುದ್ದಿಯಾದದ್ದು ಡೀಸೆಲ್ ಕಳವು.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಏನಂದ್ರೆ, ಅದು ಡೀಸೆಲ್ ಪೈಪ್ ಅಲ್ಲ. ಒಂದೇ ಪೈಪಿನಲ್ಲಿ ಸರದಿ ಪ್ರಕಾರ ಬೇರೆ ಬೇರೆ ಎಣ್ಣೆ ಹೋಗುತ್ತದೆ. ಸ್ವಲ್ಪ ಹೊತ್ತು ಡೀಸೆಲ್, ಅದರ ಬೆನ್ನಿಗೆ ಇನ್ನೊಂದು. ಮಧ್ಯೆ ಗೋಡೆ ಏನೂ ಇರುವುದಿಲ್ಲ, ಒಂದು ಇನ್ನೊಂದನ್ನು ದೂಡಿಕೊಂಡು ಹೋಗುತ್ತದೆ. ಎರಡು ಎಣ್ಣೆ ಸೇರುವ ಜಾಗದಲ್ಲಿ ಸ್ವಲ್ಪ ಬೆರಕೆ ಆಗಿಯೇ ಆಗುತ್ತದೆ. ಇಂಥ ಪೈಪ್‌ಲೈನ್‌ಗಳಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ನೇರ ಮುಟ್ಟದ ಹಾಗೆ ಮಧ್ಯೆ ಸೀಮೆಎಣ್ಣೆಯನ್ನು ಬಿಡುವ ಪದ್ಧತಿ ಉಂಟು. ಯಾಕೆ ಗೊತ್ತಾ? ಡೀಸೆಲ್‌ಗೆ ಸ್ವಲ್ಪ ಸೀಮೆಎಣ್ಣೆ ಸೇರಿದರೆ ಅದು ತಡೆದುಕೊಳ್ಳುತ್ತದೆ, ಇಬ್ಬರದ್ದೂ ಗೆರೆ ಹತ್ತಿರ ಹತ್ತಿರ. ಪೆಟ್ರೋಲ್ ಸೇರಿದರೆ ಒಂದೆರಡು ಶೇಕಡಾಕ್ಕೇ ಫ್ಲ್ಯಾಶ್ ಪಾಯಿಂಟ್ ಹತ್ತಾರು ಡಿಗ್ರಿ ಕುಸಿಯುತ್ತದೆ. ಮೊದಲು ಆವಿಯಾಗುವುದು ಆ ಪೆಟ್ರೋಲೇ ಅಲ್ವಾ? ಹತ್ತಲಿಕ್ಕೆ ಅದರ ಆವಿ ಒಂದೂವರೆ ಶೇಕಡಾ ಸಾಕು.

ಇದನ್ನು ಕಣ್ಣಿನಿಂದ ಹಿಡಿಯಲಿಕ್ಕೆ ಆಗುವುದಿಲ್ಲ. ಡೆನ್ಸಿಟಿ ನೋಡಿದರೆ ಗೊತ್ತಾಗುವುದಿಲ್ವಾ ಅಂತ ನೀವು ಕೇಳಬಹುದು. ಲೆಕ್ಕ ಹಾಕುವ. ಡೀಸೆಲ್‌ನ ಡೆನ್ಸಿಟಿ 830 ಇಟ್ಟುಕೊಳ್ಳಿ, ಪೆಟ್ರೋಲಿನದ್ದು 740. ವ್ಯತ್ಯಾಸ 90. ನೂರಕ್ಕೆ ಎರಡು ಪಾಲು ಪೆಟ್ರೋಲ್ ಬೆರೆತರೆ ಡೆನ್ಸಿಟಿ ಇಳಿಯುವುದು 90ರ ಶೇಕಡಾ ಎರಡು, ಅಂದ್ರೆ 1.8. ಬಂಕಿನ ಪರೀಕ್ಷೆಯಲ್ಲಿ 3ರಷ್ಟು ಹೆಚ್ಚುಕಡಿಮೆ ಒಪ್ಪಿಗೆ ಉಂಟು. ಅಂದ್ರೆ ಡೆನ್ಸಿಟಿ ಪಾಸ್, ಫ್ಲ್ಯಾಶ್ ಪಾಯಿಂಟ್ ಫೇಲ್. ಹಿಡಿಯಬೇಕಾದರೆ ಲ್ಯಾಬಿನ ಆ ಮುಚ್ಚಳದ ಲೋಟವೇ ಬೇಕು. ಡಿಪೋದಲ್ಲಿ ಅದು ಇರುತ್ತದೆ, ಗುಡ್ಡದ ಹಿಂದೆ ರಾತ್ರಿ ಕ್ಯಾನ್ ತುಂಬಿಸುವವನ ಹತ್ತಿರ ಇರುವುದಿಲ್ಲ.

ಹಾಗಾಗಿ "ಡೀಸೆಲ್ ಉಂಟು, ರೇಟ್ ಕಡಿಮೆ, ಬೇಕಾ?" ಅಂತ ಯಾರಾದರೂ ಕ್ಯಾನ್ ಹಿಡ್ಕೊಂಡು ಬಂದರೆ ಕಳ್ಳಮಾಲು ಅನ್ನುವ ಪ್ರಶ್ನೆ ಹೇಗೂ ಉಂಟು. ಅದರ ಜೊತೆಗೆ ಇದೂ ಉಂಟು: ಆ ಕ್ಯಾನ್‌ನಲ್ಲಿ ಇರುವುದರ ಗೆರೆ ಎಲ್ಲಿದೆ ಅಂತ ತಂದವನಿಗೂ ಗೊತ್ತಿಲ್ಲ. ಡೀಸೆಲ್ ಅಂತ ನಂಬಿ ನೀವು ಇಟ್ಟದ್ದು ನಡತೆಯಲ್ಲಿ ಪೆಟ್ರೋಲ್ ಇರಬಹುದು. ಮನೆಯಲ್ಲೂ ಇದೇ. ಪೆಟ್ರೋಲ್ ಇಟ್ಟಿದ್ದ ಕ್ಯಾನಿಗೆ ತೊಳೆಯದೆ ಡೀಸೆಲ್ ತುಂಬಿಸಬೇಡಿ. ತಳದಲ್ಲಿ ಉಳಿದದ್ದೇ ಸಾಕು.

ಮಾವನ ಜಗಲಿ ಈಗ

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ಬಚ್ಚಲು ಬೇರೆ ಕಡೆ ಕಟ್ಟಬೇಕಾ?" ಅಂತ ಕೇಳಿದ್ರು.

"ಬಚ್ಚಲು ಅಲ್ಲೇ ಇರಲಿ ಮಾವ, ಕ್ಯಾನ್ ಹೋಗಲಿ" ಅಂದೆ.

ಈಗ ಪೆಟ್ರೋಲ್‌ಗೆ ಐದು ಲೀಟರಿನ ಒಂದು ತಗಡಿನ ಕ್ಯಾನ್ ಉಂಟು, ತಿರುಪಿನ ಮುಚ್ಚಳದ್ದು. ಅದನ್ನು ಮನೆಗೆ ತಾಗದ ಹಳೇ ಪಂಪ್‌ಶೆಡ್ಡಿನ ಬದಿಯಲ್ಲಿ, ಗಾಳಿ ಆಡುವ ನೆರಳಿನಲ್ಲಿ ಇಡ್ತಾರೆ. ಬೇಕಾದಷ್ಟೇ ತರ್ತಾರೆ, ಉಳಿಸಿ ಇಡುವುದಿಲ್ಲ. ಮೆಷಿನ್‌ಗೆ ಹೊಯ್ಯುವುದು ಅಲ್ಲಿಯೇ, ಎಂಜಿನ್ ತಣ್ಣಗಾದ ಮೇಲೆ, ಫನೆಲ್ ಇಟ್ಟು. ಚೆಲ್ಲಿದರೆ ಅದರ ಮೇಲೆ ಮಣ್ಣು ಹಾಕಿ, ಮೆಷಿನ್ ನಾಲ್ಕು ಮಾರು ಆಚೆ ತೆಗೆದುಕೊಂಡು ಹೋಗಿ ಸ್ಟಾರ್ಟ್ ಮಾಡ್ತಾರೆ. ಬೆಂಕಿ ಬಿದ್ದರೆ ನೀರು ಹೊಯ್ಯಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಅದಕ್ಕೆ ಒಂದು ಬಕೆಟ್ ಮರಳು ಅಲ್ಲೇ ಉಂಟು. ಡೀಸೆಲ್ ಕ್ಯಾನಿಗೆ ಬಟ್ಟೆಯ ಬದಲು ಮುಚ್ಚಳ ಬಂತು, ಅದು ಶೆಡ್ಡಿನ ಒಳಗೆ, ಬಿಸಿಲು ಬೀಳದ ಮೂಲೆಯಲ್ಲಿ.

ಆ ಕೆಲಸದ ಹುಡುಗ ಈ ವರ್ಷವೂ ಬಂದಿದ್ದ. ಜಗಲಿಯಲ್ಲಿ ಚಾ ಕುಡೀತಾ ಬಚ್ಚಲ ಬಾಗಿಲಿನ ಕಡೆ ಒಮ್ಮೆ ನೋಡಿದ, "ಅಣ್ಣ, ಆ ದಿನ ನಾನು ಪ್ಯಾಂಟ್ ಹಾಕದೆ ಲುಂಗಿ ಉಟ್ಟಿದ್ದರೆ ಕಥೆ ಬೇರೆ ಇತ್ತು" ಅಂದ. ನಾನು ಏನೂ ಹೇಳಲಿಲ್ಲ. ಅವನು ಹೇಳಿದ್ದು ಸರಿ ಇತ್ತು.

ನಿಮ್ಮ ಮನೆಯಲ್ಲಿ ಪೆಟ್ರೋಲ್ ಕ್ಯಾನ್ ಎಲ್ಲಿದೆ? ಸ್ಕೂಟರಿಗೆ ಅಂತ ಅಡುಗೆಕೋಣೆಯ ಹಿಂದೆ ಒಂದು ಬಾಟಲಿ ಇದೆಯಾ? ಇವತ್ತು ಸಂಜೆ ಬಚ್ಚಲಿಗೆ ಬೆಂಕಿ ಹಾಕುವ ಮೊದಲು ಒಮ್ಮೆ ನೋಡಿ ಬನ್ನಿ. ಮುಂದಿನ ವಾರ ಸಿಗುವ. ನಮಸ್ಕಾರ.